ಅರ್ಧಕ್ಕೆ ನಿಲ್ಲಿಸಿದ ಗಡಿಯಾರದ ಕಥೆ

ಗ್ರಂಥಾಲಯದ ಮೇಲಿನ ಮಹಡಿಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿಟ್ಟ ಕೋಣೆಯ ಪಕ್ಕದಲ್ಲಿ, ವಾರಕ್ಕೆ ಎರಡು ಸಂಜೆ ಒಬ್ಬ ಹೆಂಗಸು ದೊಡ್ಡವರಿಗೆ ಪಾಠ ಹೇಳುತ್ತಿದ್ದರು. ದೂರದ ಊರುಗಳಿಂದ ಕೆಲಸ ಹುಡುಕಿಕೊಂಡು ಬಂದವರಿಗೆ ಇಲ್ಲಿನ ಮಾತು ಕಲಿಸುವುದು ಅವರ ಕೆಲಸ. ಎಲ್ಲರೂ ಅವರನ್ನು ಕಥೆ ಟೀಚರ್ ಎಂದು ಕರೆಯುತ್ತಿದ್ದರು. ಅಚ್ಚಾದ ಪಾಠಪುಸ್ತಕಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೊಲ ಓಡಿತು, ಆಮೆ ಗೆದ್ದಿತು ಎಂದು ಓದಿಕೊಂಡು ಬಂದವನು ನಾಳೆ ಕಾರ್ಖಾನೆಯಲ್ಲಿ ಏನು ಮಾತಾಡಬೇಕು ಎಂದು ಅವರು ಕೇಳುತ್ತಿದ್ದರು. ಹಾಗಾಗಿ ಹನ್ನೊಂದು ವರ್ಷಗಳಿಂದ ತಮ್ಮ ಕಥೆಗಳನ್ನು ತಾವೇ ಬರೆಯುತ್ತಿದ್ದರು, ಅದೂ ಕಲಿಯುವವರ ಕೆಲಸದ ಜಾಗದಿಂದಲೇ ಹೆಕ್ಕಿ.

ಒಂದೇ ಕಥೆಗೆ ಅವರದು ಮೂರು ಹಾಳೆ. ಮೊದಲ ಹಾಳೆಯಲ್ಲಿ ಒಂದು ವಾಕ್ಯಕ್ಕೆ ಒಂದೇ ಕೆಲಸ: ಬಂದನು, ನೋಡಿದನು, ತೆಗೆದನು. ಎರಡನೆಯದರಲ್ಲಿ ಆಗ ಸುತ್ತಮುತ್ತ ಏನು ನಡೆಯುತ್ತಿತ್ತು ಎಂಬುದು ಸೇರುತ್ತಿತ್ತು. ಮೂರನೆಯದರಲ್ಲಿ ಅದಕ್ಕೂ ಮುಂಚೆ ಏನು ನಡೆದಿತ್ತು ಎಂಬುದು. ಒಂದೊಂದೇ ಮೆಟ್ಟಿಲು, ಎಲ್ಲೂ ಎಡವಬಾರದು. ಓದಿದ ಮೇಲೆ ಹಾಳೆಯನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂರಬೇಕು. ಇಣುಕಿ ನೋಡಲು ದಾರಿಯಿಲ್ಲ. ಆಮೇಲೆ ಕಥೆಯನ್ನು ಬಾಯಲ್ಲಿ ಹೇಳಬೇಕು, ಆದರೆ "ಅವನು" ಎನ್ನುವಂತಿಲ್ಲ, ತನಗೇ ಆಯಿತೆಂಬಂತೆ "ನಾನು" ಎಂದು ಹೇಳಬೇಕು. ಕೇಳುವವರು "ಆಮೇಲೆ?" ಎಂಬ ಒಂದು ಮಾತು ಬಿಟ್ಟು ಬೇರೇನೂ ಆಡಬಾರದು. ಟೀಚರ್ ಅಂತೂ ಅದನ್ನೂ ಆಡುವಂತಿಲ್ಲ.

ಈ ಕೊನೆಯ ನಿಯಮಕ್ಕೆ ಒಂದು ಕಾರಣವಿತ್ತು. ಮೊದಲ ವರ್ಷ ಒಬ್ಬ ವೆಲ್ಡರ್ ಎದ್ದು ನಿಂತು ಕಥೆ ಹೇಳಲು ಶುರು ಮಾಡಿದ್ದ. ಟೀಚರ್ ನಡುವೆ ಬಾಯಿ ಹಾಕಿ ತಿದ್ದಿದರು, ಮತ್ತೆ ತಿದ್ದಿದರು. ಒಂಬತ್ತನೇ ಸಲಕ್ಕೆ ಅವನು ಸುಮ್ಮನೆ ಕುಳಿತ. ಮರುದಿನದಿಂದ ಬರಲಿಲ್ಲ. ಅಂದಿನಿಂದ ಟೀಚರ್ ಪಾಠದ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡರು. ಮನೆಯಲ್ಲಿ ಮಾತ್ರ ಅವರ ತಂಗಿಗೆ ಒಂದು ವಾಕ್ಯ ಪೂರ್ತಿ ಮಾಡುವ ಭಾಗ್ಯ ಇರಲಿಲ್ಲ, ತರಗತಿಯಲ್ಲಿ ಹಿಡಿದಿಟ್ಟದ್ದೆಲ್ಲ ಮನೆಯಲ್ಲಿ ಹೊರಬರುತ್ತಿತ್ತು.

ಇನ್ನೂ ಒಂದು ಕಟ್ಟಳೆ. ಕಥೆಯ ಅರ್ಧವನ್ನು ಮಾತ್ರ ಮೊದಲು ಕೊಡುತ್ತಿದ್ದರು, ಅದೂ ಎದೆ ಢವಢವ ಅನ್ನುವ ಜಾಗದಲ್ಲಿ ಕತ್ತರಿಸಿ. ಮುಂದೇನಾಯಿತು ಎಂದು ಕಲಿಯುವವರು ಊಹಿಸಿ ಹೇಳಬೇಕು. ಅವರ ಊಹೆ ಕೇಳಿದ ಮೇಲೆ ಟೀಚರ್ ಉಳಿದರ್ಧ ಬರೆಯುತ್ತಿದ್ದರು.

ಒಂದು ಬುಧವಾರ ಹೊಸ ಕಥೆಯ ಮೊದಲರ್ಧವನ್ನು ತಂಗಿಗೆ ಓದಿ ತೋರಿಸಿದರು. "ಒಬ್ಬ ಕೆಲಸಗಾರ ಲಾಂಡ್ರಿಗೆ ಬಂದನು. ಅವನು ಒಂದು ಕೋಟು ತೆಗೆದುಕೊಂಡನು. ಜೇಬಿಗೆ ಕೈ ಹಾಕಿದನು. ಜೇಬಿನಲ್ಲಿ ಗಡಿಯಾರ ಸಿಕ್ಕಿತು. ಅವನು ಆಚೆ ಈಚೆ ನೋಡಿದನು. ಯಾರೂ ಇರಲಿಲ್ಲ. ಅವನು ಗಡಿಯಾರವನ್ನು ತನ್ನ ಜೇಬಿಗೆ ಹಾಕಿಕೊಂಡನು. ಯಾರಿಗೂ ಹೇಳಲಿಲ್ಲ. ಸಂಜೆ ಮನೆಗೆ ಹೋದನು."

"ಚೆನ್ನಾಗಿದೆ ಅಕ್ಕ," ಎಂದಳು ತಂಗಿ. "ಆದ್ರೆ ಕಳ್ಳತನದ ಕಥೆ. ಇದನ್ನ ಅವರ ಬಾಯಲ್ಲಿ ನಾನು, ನಾನು ಅಂತ..."

"ಕಥೆಗೆ ಬಿಗಿ ಬೇಕು ಕಣೇ. ಬಿಗಿ ಇಲ್ಲದಿದ್ರೆ ಯಾರಿಗೆ ನೆನಪಿರುತ್ತೆ?" ಎಂದು ಟೀಚರ್ ಮಾತು ಮುಗಿಸಿದರು. ತಂಗಿ ಹೇಳಬೇಕೆಂದಿದ್ದು ಅವಳ ಬಾಯಲ್ಲೇ ಉಳಿಯಿತು.

ಗುರುವಾರ ಸಂಜೆ ಕಥೆ ಎಲ್ಲರಿಗೂ ಹಿಡಿಸಿತು. ಅದರಲ್ಲೂ ಇಸ್ತ್ರಿಯಣ್ಣನಿಗೆ ಅದು ತನ್ನದೇ ಕೆಲಸದ ಕಥೆ. ಅವನು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ. ನಲವತ್ತು ದಾಟಿದ, ಅಗಲ ಕೈಗಳ, ಕಡಿಮೆ ಮಾತಿನ ಮನುಷ್ಯ. ಆ ತಿಂಗಳ ಕೊನೆಗೆ ಅವನ ಕೆಲಸ ಖಾಯಂ ಆಗುವುದಿತ್ತು. ತರಗತಿಯಲ್ಲಿ ಎಲ್ಲರಿಗಿಂತ ನಿಧಾನ, ಆದರೆ ಕೊಟ್ಟ ಕೆಲಸ ಒಂದು ದಿನವೂ ತಪ್ಪಿಸಿದವನಲ್ಲ. ಟೀಚರ್ ಮನೆಗೆಲಸ ಕೊಟ್ಟರು: ಕಥೆಯನ್ನು "ನಾನು" ಎಂದು ಹೇಳಿ, ಫೋನಿನಲ್ಲಿ ದನಿ ಮುದ್ರಿಸಿ, ತರಗತಿಯ ಗುಂಪಿಗೆ ಕಳಿಸಬೇಕು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಟೀಚರ ಫೋನು ಹೊಡೆದುಕೊಂಡಿತು. ಅದೇ ಹೋಟೆಲಿನಲ್ಲಿ ಕೋಣೆ ಗುಡಿಸುವ, ಅದೇ ತರಗತಿಗೆ ಬರುವ ಹುಡುಗಿ. ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಿದ್ದರು.

"ಟೀಚರ್, ಇಸ್ತ್ರಿಯಣ್ಣ ತಪ್ಪು ಮಾಡಿದ. ಕಥೆ ಕಳಿಸಿದ. ನಮ್ಮ ಗುಂಪಿಗೆ ಅಲ್ಲ. ಲಾಂಡ್ರಿ ಗುಂಪಿಗೆ. ಮ್ಯಾನೇಜರ್ ಕೇಳಿದರು. ಈಗ ಇಸ್ತ್ರಿಯಣ್ಣ ಆಫೀಸಿನಲ್ಲಿ ಇದ್ದಾನೆ. ಪೊಲೀಸ್ ಅಂದರು. ನೀವು ಬನ್ನಿ."

ಪುಟ್ಟಿಯ ವಾಕ್ಯಗಳು ಮೊದಲ ಹಾಳೆಯ ವಾಕ್ಯಗಳಂತೆ ಚೊಕ್ಕವಾಗಿದ್ದವು, ಆದರೆ ಅದನ್ನು ಮೆಚ್ಚುವ ಹೊತ್ತು ಅದಾಗಿರಲಿಲ್ಲ. ಟೀಚರ್ ಚಪ್ಪಲಿ ಮೆಟ್ಟಿಕೊಂಡು, ಕಥೆಯ ಹಾಳೆಯನ್ನು ಚೀಲಕ್ಕೆ ತುರುಕಿ, ಸಿಕ್ಕ ಬಸ್ಸು ಹತ್ತಿದರು.

ಹೋಟೆಲಿನ ಹಿಂಬಾಗಿಲಲ್ಲಿ ಕಾವಲುಗಾರ ಹೆಸರು ಬರೆಸಿಕೊಂಡು ಒಳಗೆ ಬಿಟ್ಟ. ಉದ್ದನೆಯ ಹಾದಿಯಲ್ಲಿ ಸೋಪಿನ ವಾಸನೆ, ಬಿಸಿ ಉಗಿ, ಕೊಳೆ ಚಾದರ ತುಂಬಿದ ತಳ್ಳುಗಾಡಿಗಳು. ಲಾಂಡ್ರಿಯ ಪಕ್ಕದ ಸಣ್ಣ ಆಫೀಸಿನಲ್ಲಿ ಮೂವರಿದ್ದರು. ಮೇಜಿನ ಹಿಂದೆ ಮ್ಯಾನೇಜರ್. ಕಿಟಕಿಯ ಬಳಿ ಲಾಂಡ್ರಿಯ ಮೇಲ್ವಿಚಾರಕಿ, ಕೈಯಲ್ಲಿ ಒಂದು ದಪ್ಪ ಪುಸ್ತಕ. ಮೂಲೆಯ ಸ್ಟೂಲಿನ ಮೇಲೆ ಇಸ್ತ್ರಿಯಣ್ಣ. ಅವನ ಅಂಗಿ ಎಂದಿನಂತೆ ಗರಿಗರಿಯಾಗಿತ್ತು. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಮ್ಯಾನೇಜರ್ ಫೋನು ಒತ್ತಿದರು. ಇಸ್ತ್ರಿಯಣ್ಣನ ದನಿ ಕೋಣೆಯನ್ನು ತುಂಬಿತು. "ನಾನು ಲಾಂಡ್ರಿಗೆ ಬಂದೆನು. ನಾನು ಒಂದು ಕೋಟು ತೆಗೆದುಕೊಂಡೆನು. ಜೇಬಿನಲ್ಲಿ ಗಡಿಯಾರ ಸಿಕ್ಕಿತು. ಯಾರೂ ಇರಲಿಲ್ಲ. ನಾನು ಗಡಿಯಾರವನ್ನು ನನ್ನ ಜೇಬಿಗೆ ಹಾಕಿಕೊಂಡೆನು. ಯಾರಿಗೂ ಹೇಳಲಿಲ್ಲ. ಸಂಜೆ ಮನೆಗೆ ಹೋದೆನು." ಒಂದು ತಪ್ಪೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಟೀಚರ್ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು.

"ಇದು ಪಾಠ," ಎಂದರು ಟೀಚರ್. "ನಾನು ಬರೆದ ಕಥೆ. ನೋಡಿ, ಹಾಳೆ ಇಲ್ಲಿದೆ."

ಮ್ಯಾನೇಜರ್ ಹಾಳೆ ಓದಿದರು. ಒರಟು ಮನುಷ್ಯನಲ್ಲ, ಆದರೆ ಸುಲಭಕ್ಕೆ ನಂಬುವವರೂ ಅಲ್ಲ. "ಇದರಲ್ಲಿ ಅವನು ಅಂತಿದೆ. ಇವರು ನಾನು ಅಂತಾರೆ."

"ಹಾಗೆ ಹೇಳಬೇಕು ಅಂತ ನಾನೇ ಕಲಿಸಿದ್ದು."

"ಸರಿ. ಮುಂದಿನ ಭಾಗ ಎಲ್ಲಿ? ಗಡಿಯಾರ ಏನಾಯ್ತು?"

"ಅದನ್ನ ಇನ್ನೂ ಬರೆದಿಲ್ಲ."

ಮ್ಯಾನೇಜರ್ ಹಾಳೆ ಕೆಳಗಿಟ್ಟರು. "ನೋಡಿ ಟೀಚರ್. ಮೂರು ವಾರದ ಹಿಂದೆ ಒಬ್ಬ ಗಿರಾಕಿ ಕೋಟನ್ನ ಇಸ್ತ್ರಿಗೆ ಕೊಟ್ಟಿದ್ರು. ಜೇಬಲ್ಲಿ ಗಡಿಯಾರ ಇತ್ತಂತೆ. ಅವರು ಇಲ್ಲಿಂದ ಹೋದ್ಮೇಲೆ ಫೋನ್ ಮಾಡಿ ದೂರು ಕೊಟ್ರು. ಹುಡುಕಿದ್ವಿ, ಸಿಗಲಿಲ್ಲ. ಇವತ್ತು ಈ ದನಿ ಬಂತು. ಗಡಿಯಾರ ತೆಗೆದೆಯಾ ಅಂತ ಕೇಳಿದೆ, ಹೌದು ಅಂದ್ರು. ಆಮೇಲೆ ಬಾಯೇ ಬಿಡ್ತಿಲ್ಲ. ನಾನೇನು ಮಾಡ್ಲಿ? ಹನ್ನೆರಡು ಗಂಟೆಗೆ ಪೊಲೀಸಿಗೆ ಹೇಳ್ತೀನಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು ಆಗಿತ್ತು.

ಟೀಚರಿಗೆ ತರಗತಿಯ ಗುಂಪು ನೆನಪಾಯಿತು. ಫೋನು ತೆರೆದರು. ಬೆಳಗಿನಿಂದ ಮೂರು ದನಿಗಳು ಬಂದಿದ್ದವು. ಒಂದೊಂದಾಗಿ ಕೇಳಿಸಿದರು. ಬೇಕರಿಯವನು ಗಡಿಯಾರವನ್ನು ಜೇಬಿಗೆ ಹಾಕಿಕೊಂಡನು. ಬಸ್ಸು ತೊಳೆಯುವವನು ಹಾಕಿಕೊಂಡನು, ಅದೂ ಬಹಳ ಖುಷಿಯಿಂದ. ಕೊನೆಗೆ ಪುಟ್ಟಿಯೂ ಹಾಕಿಕೊಂಡು, ಯಾರಿಗೂ ಹೇಳದೆ, ಸಂಜೆ ಮನೆಗೆ ಹೋದಳು. ಮೇಲ್ವಿಚಾರಕಿ ಕಿಟಕಿಯ ಕಡೆ ಮುಖ ತಿರುಗಿಸಿ ನಗು ನುಂಗಿದರು.

ಮ್ಯಾನೇಜರ ಹುಬ್ಬು ಸ್ವಲ್ಪ ಸಡಿಲವಾಯಿತು. "ಸರಿ, ಪಾಠ ಅಂತ ಒಪ್ಪಿದೆ. ಆದ್ರೆ ಒಂದು ಮಾತು ಕೇಳ್ತೀನಿ. ಲಾಂಡ್ರಿ, ಕೋಟು, ಗಡಿಯಾರ. ಈ ಕಥೆ ನಿಮಗೆ ಎಲ್ಲಿಂದ ಹೊಳೀತು?"

ಟೀಚರಿಗೆ ಅದು ಚೆನ್ನಾಗಿ ಗೊತ್ತಿತ್ತು. ಎರಡು ವಾರದ ಹಿಂದೆ, ತರಗತಿ ಮುಗಿಯುವ ಹೊತ್ತಿಗೆ, ಕೆಲಸದಲ್ಲಿ ಏನಾಯಿತು ಎಂದು ಇಸ್ತ್ರಿಯಣ್ಣನನ್ನು ಕೇಳಿದ್ದರು. "ನಾನು ಜೇಬಿಗೆ ಕೈ ಹಾಕಿದೆ. ಗಡಿಯಾರ ಸಿಕ್ಕಿತು," ಎಂದಿದ್ದ ಅವನು. ಮುಂದಿನ ಮಾತಿಗೆ ತಡಕಾಡುತ್ತಿದ್ದಾಗ ಗ್ರಂಥಾಲಯದವನು ದೀಪ ಆರಿಸಲು ಬಂದ. ಎಲ್ಲರೂ ಎದ್ದರು. ಅವನ ಮಾತು ಅರ್ಧಕ್ಕೇ ನಿಂತಿತ್ತು. ಟೀಚರ್ ಆ ಅರ್ಧವನ್ನು ಮನೆಗೊಯ್ದು, ಬಿಗಿ ಬೇಕೆಂದು, ಅದಕ್ಕೆ ಕಳ್ಳತನ ಸೇರಿಸಿದ್ದರು.

ಸುಳ್ಳು ಹೇಳಬಹುದಿತ್ತು. ಅವರಿಗೆ ಅದು ಬರುತ್ತಿರಲಿಲ್ಲ. "ಇವರು ತರಗತಿಯಲ್ಲಿ ಹೇಳಿದ್ದರಿಂದ," ಎಂದರು ಮೆಲ್ಲಗೆ. "ಒಂದು ಗಡಿಯಾರ ಸಿಕ್ಕಿತ್ತು ಅಂತ ಹೇಳಿದ್ರು. ಮುಂದಿನದು ನಾನು ಕೇಳಲಿಲ್ಲ."

ಮ್ಯಾನೇಜರ್ ಬೆನ್ನನ್ನು ಕುರ್ಚಿಗೆ ಆನಿಸಿದರು. ಟೀಚರ್ ತಮ್ಮ ಕೈಯಾರೆ ಇಸ್ತ್ರಿಯಣ್ಣನನ್ನು ಹಳ್ಳಕ್ಕೆ ನೂಕಿದ ಹಾಗಾಯಿತು. ಅವರು ಮೂಲೆಯ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ. ಆಗ ಅವರ ಮನಸ್ಸಿನೊಳಗೆ ಒಂದು ಕೆಟ್ಟ ಯೋಚನೆ ತಲೆ ಎತ್ತಿತು: ನಿಜವಾಗಿಯೂ ತೆಗೆದಿದ್ದರೆ? ನಾನು ಬರೆದದ್ದೇ ನಡೆದಿದ್ದರೆ? ಅದನ್ನು ಅದುಮಿಟ್ಟರು. ಅದು ಅಲ್ಲಾಡಲಿಲ್ಲ.

"ಇವರು ಯಾಕೆ ಬಾಯಿ ಬಿಡ್ತಿಲ್ಲ ಗೊತ್ತಾ?" ಎಂದರು ಕೊನೆಗೆ. "ನೀವು ಬೇಗ ಬೇಗ ಕೇಳ್ತೀರಿ. ಒಂದಕ್ಕೆ ಉತ್ತರ ಜೋಡಿಸೋ ಹೊತ್ತಿಗೆ ಇನ್ನೊಂದು ಬರುತ್ತೆ. ಆ ದಿನ ಏನಾಯ್ತು ಅಂತ ಇವರೇ ಹೇಳಲಿ. ಮುಗಿಯೋ ತನಕ ಯಾರೂ ನಡುವೆ ಮಾತಾಡಬಾರದು."

"ನೀವೂ ಹೇಳಿಕೊಡಬಾರದು. ಒಂದು ಮಾತೂ," ಎಂದರು ಮ್ಯಾನೇಜರ್.

"ನಾನೂ ಹೇಳಿಕೊಡಲ್ಲ."

ಅವರು ಇಸ್ತ್ರಿಯಣ್ಣನ ಎದುರು ಕುಳಿತರು. "ಹಾಳೆ ಇಲ್ಲ. ಕಥೆ ಅಲ್ಲ. ಆ ದಿನ ನಿಮಗೆ ಏನಾಯ್ತೋ ಅದು. ನಿಧಾನವಾಗಿ ಹೇಳಿ. ನಾವು ಕೇಳ್ತೀವಿ." ಆಮೇಲೆ ತುಟಿ ಬಿಗಿದರು.

ಇಸ್ತ್ರಿಯಣ್ಣ ಎದ್ದು ನಿಂತ, ತರಗತಿಯಲ್ಲಿ ನಿಲ್ಲುವಂತೆ. ಕೈಗಳನ್ನು ಅಂಗಿಯ ಮೇಲೆ ಸವರಿಕೊಂಡ. ಪಕ್ಕದಲ್ಲಿ ಒಗೆಯುವ ಯಂತ್ರ ಗುಡುಗುಡು ಎಂದು ತಿರುಗುತ್ತಿತ್ತು.

"ಮೊದಲು," ಎಂದ. "ಮೊದಲು ನಾನು ಆರು ಗಂಟೆಗೆ ಬಂದೆ. ಕೋಟು ಬಂತು. ಹತ್ತು ಕೋಟು. ಇಸ್ತ್ರಿ ಮುಂಚೆ ನಾನು ಜೇಬು ನೋಡುತ್ತೇನೆ. ದಿನಾ ನೋಡುತ್ತೇನೆ. ಆ ದಿನ ನೋಡಿದೆ. ನಾನು ಜೇಬಿಗೆ ಕೈ ಹಾಕಿದೆ. ಗಡಿಯಾರ ಸಿಕ್ಕಿತು."

ಮ್ಯಾನೇಜರ್ ಮುಂದಕ್ಕೆ ಬಾಗಿದರು. ಅದೇ ಸಾಲುಗಳು, ಕಥೆಯ ಹಾಳೆಯ ಸಾಲುಗಳೇ. ಇನ್ನು ಎರಡು ವಾಕ್ಯ ಹೀಗೇ ಹೋದರೆ ಇವನ ಕೆಲಸ ಹೋಯಿತು. ಟೀಚರಿಗೆ ನಿಲ್ಲಿಸಿ ಎಂದು ಕೂಗಬೇಕೆನಿಸಿತು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು ಬಿಗಿದರು.

"ಜೇಬಿನಿಂದ ತೆಗೆದೆ. ಗಡಿಯಾರ ಭಾರ ಇತ್ತು. ನಾನು ಗಡಿಯಾರ..." ಇಸ್ತ್ರಿಯಣ್ಣ ನಿಂತ. ಗಾಳಿಯಲ್ಲಿ ಕೈ ಆಡಿಸಿದ. "ಗಡಿಯಾರ... ಹಾಕಿದೆ."

"ಎಲ್ಲಿಗೆ ಹಾಕಿದೆ?" ಮ್ಯಾನೇಜರ ಬಾಯಿಂದ ಮಾತು ಜಾರಿತು. ಟೀಚರ್ ಕೈ ಎತ್ತಿದರು, ಅಷ್ಟೇ. ಮ್ಯಾನೇಜರ್ ತೆಪ್ಪಗಾದರು.

ಇಸ್ತ್ರಿಯಣ್ಣನಿಗೆ ಮಾತು ಸಿಗುತ್ತಿರಲಿಲ್ಲ. ತುಟಿ ಅಲುಗಿತು, ನಿಂತಿತು. ಹನ್ನೊಂದೂವರೆ ದಾಟಿತು. ಎರಡು ವಾರದ ಹಿಂದೆಯೂ ಅವನು ಇದೇ ಜಾಗದಲ್ಲಿ ತಡಕಾಡುತ್ತಿದ್ದ ಎಂಬುದು ಟೀಚರಿಗೆ ಆಗ ಹೊಳೆಯಿತು. ಅವನು ಹುಡುಕುತ್ತಿದ್ದ ಮಾತು ಯಾವುದು? ಜೇಬು ಅಲ್ಲ, ಅದು ಅವನಿಗೆ ಗೊತ್ತು. ಚೀಲವೂ ಗೊತ್ತು. ಅವನಿಗೆ ಗೊತ್ತಿಲ್ಲದ ಆ ಮಾತಿನಲ್ಲೇ ಅವನ ಅನ್ನ ಇತ್ತು, ಅದು ಏನೆಂದು ಅವರಿಗೂ ಗೊತ್ತಿರಲಿಲ್ಲ.

ಇಸ್ತ್ರಿಯಣ್ಣ ಮೇಜಿನ ಬಳಿಗೆ ಬಂದ. ಟೀಚರ ಕಥೆಯ ಹಾಳೆಯನ್ನೇ ಎತ್ತಿಕೊಂಡ. ಇಸ್ತ್ರಿಯವನ ಬೆರಳುಗಳು ತಮ್ಮಷ್ಟಕ್ಕೆ ಕೆಲಸ ಮಾಡಿದವು: ಒಂದು ಮಡಿಕೆ, ಎರಡು ಮಡಿಕೆ, ಅಂಚು ಒತ್ತಿ ನೇರ ಮಾಡಿದ, ಮೇಲಿನ ತುದಿ ಮಡಚಿದ. ಹಾಳೆ ಒಂದು ಪುಟ್ಟ ಲಕೋಟೆಯಾಯಿತು.

"ಇದಕ್ಕೆ," ಎಂದ. "ಇದಕ್ಕೆ ಗಡಿಯಾರ ಹಾಕಿದೆ. ಕೋಣೆ ನಂಬರ್ ಬರೆದೆ. ಮೂರು, ಒಂದು, ಎರಡು. ಆಮೇಲೆ ಮೇಡಂ ಹತ್ತಿರ ಹೋದೆ. ಆ ದಿನ ಬಾಯ್ಲರ್ ಕೆಟ್ಟಿತು. ಉಗಿ ಇಲ್ಲ. ಮೇಡಂ ಫೋನಿನಲ್ಲಿ ಜಗಳ ಆಡುತ್ತಿದ್ದರು. ಕೈ ಹೀಗೆ ಮಾಡಿದರು." ಅವನು ಆಮೇಲೆ, ಆಮೇಲೆ ಎಂಬಂತೆ ಕೈ ಬೀಸಿ ತೋರಿಸಿದ. "ನಾನು ಇದನ್ನು ಕೋಟಿನ ಹ್ಯಾಂಗರಿಗೆ ಕಟ್ಟಿದೆ. ದಾರದಿಂದ ಕಟ್ಟಿದೆ. ಊಟಕ್ಕೆ ಹೋದೆ. ಬಂದೆ. ಕೋಟು ಇರಲಿಲ್ಲ. ಹತ್ತೂ ಇರಲಿಲ್ಲ. ವ್ಯಾನ್ ಬಂದಿತ್ತು. ಎಲ್ಲ ಹೊರಗಿನ ಲಾಂಡ್ರಿಗೆ ಹೋಗಿತ್ತು. ಸಂಜೆ ಕೋಟು ವಾಪಸ್ ಬಂತು. ಬೇರೆ ಹ್ಯಾಂಗರ್. ಪ್ಲಾಸ್ಟಿಕ್ ಕವರ್. ಗಡಿಯಾರ ಗಿರಾಕಿಗೆ ಹೋಯಿತು, ನಾನು ಅಂದುಕೊಂಡೆ. ಕೊನೆಗೆ ನಾನು ಮನೆಗೆ ಹೋದೆ. ಕಥೆ ಮುಗಿಯಿತು."

ಮೇಲ್ವಿಚಾರಕಿಯ ಮುಖದ ಬಣ್ಣ ಬದಲಾಗಿತ್ತು. ಅವರು ದಪ್ಪ ಪುಸ್ತಕದ ಹಾಳೆ ತಿರುವಿದರು. ಜೇಬಿನಲ್ಲಿ ಸಿಕ್ಕ ವಸ್ತುಗಳನ್ನು ಬರೆಯುವ ಪುಸ್ತಕ ಅದು, ಬರೆಯಬೇಕಾದವರು ಅವರೇ. ಆ ತಾರೀಖಿಗೆ ಒಂದು ಸಾಲೂ ಇರಲಿಲ್ಲ.

"ಬಾಯ್ಲರ್ ಕೆಟ್ಟಿದ್ದು ಅವತ್ತೇ ಸರ್," ಎಂದರು. "ಇವರು ಬಂದಿದ್ರು, ಈಗ ನೆನಪಾಯ್ತು. ಏನೋ ತೋರಿಸಿದ್ರು. ಆಮೇಲೆ ಬನ್ನಿ ಅಂತ ಕೈ ಮಾಡಿದೆ. ಆಮೇಲೆ ನಾನೇ ಮರೆತೆ. ದೂರು ಬಂದಾಗ ಪುಸ್ತಕ ನೋಡಿದೆ, ಅದರಲ್ಲಿ ಇರಲಿಲ್ಲ. ಇವರನ್ನ ಕೇಳಲೇ ಇಲ್ಲ."

ಮ್ಯಾನೇಜರ್ ಹೊರಗಿನ ಲಾಂಡ್ರಿಗೆ ಫೋನು ಮಾಡಿದರು. ನಮ್ಮ ಹಳೆಯ ಹ್ಯಾಂಗರುಗಳು ನಿಮ್ಮಲ್ಲಿ ಉಳಿದಿವೆಯೇ, ಒಂದಕ್ಕೆ ಲಕೋಟೆ ಕಟ್ಟಿದೆಯೇ ನೋಡಿ ಎಂದರು. ಆ ಕಡೆಯವನು ಫೋನನ್ನು ಎಲ್ಲೋ ಇಟ್ಟು ಹೋದ. ಮ್ಯಾನೇಜರ್ ಸ್ಪೀಕರ್ ಒತ್ತಿ ತಮ್ಮ ಫೋನನ್ನು ಮೇಜಿನ ಮೇಲಿಟ್ಟರು. ಹ್ಯಾಂಗರುಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸಿತು, ಮತ್ತೆ ಕೇಳಿಸಿತು. ಹನ್ನೆರಡಕ್ಕೆ ಎಂಟು ನಿಮಿಷ ಇತ್ತು.

"ಇದೆ," ಎಂದಿತು ದನಿ. "ಡಬ್ಬದ ತಳದಲ್ಲಿತ್ತು. ಮುನ್ನೂರ ಹನ್ನೆರಡು ಅಂತ ಬರೆದಿದೆ. ಒಳಗೆ ಏನೋ ಭಾರ ಇದೆ."

ಮ್ಯಾನೇಜರ್ ಫೋನು ಇಟ್ಟು ಎದ್ದು ನಿಂತರು. ಇಸ್ತ್ರಿಯಣ್ಣನ ಕೈ ಹಿಡಿದು, "ತಪ್ಪು ತಿಳ್ಕೊಂಡೆ. ಮನಸ್ಸಿಗೆ ಹಚ್ಕೋಬೇಡಿ," ಎಂದರು. ಈ ಸಲ ನಿಧಾನವಾಗಿ ಹೇಳಿದರು.

ಹಿಂಬಾಗಿಲ ತನಕ ಇಸ್ತ್ರಿಯಣ್ಣ ಟೀಚರನ್ನು ಬಿಡಲು ಬಂದ. "ಟೀಚರ್, ನೀವು ನಂಬಿದಿರಿ," ಎಂದ. "ಅದಕ್ಕೆ ಸುಮ್ಮನೆ ಕೂತಿರಿ. ಅದಕ್ಕೆ ನನಗೆ ಮಾತು ಬಂತು." ಟೀಚರ್ ತಲೆಯಾಡಿಸಿ ಹೊರಟುಬಿಟ್ಟರು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಹೊರಗೆ ಏನೂ ಕಾಣಿಸಲಿಲ್ಲ. ನಾಚಿಕೆಯಿಂದ ಮುಖ ಸುಡುತ್ತಿತ್ತು. ಮನೆಗೆ ಹೋಗಿ ತಂಗಿಯ ಎದುರು ಕುಳಿತು, "ಬುಧವಾರ ನೀನು ಏನೋ ಹೇಳ್ತಿದ್ದೆ, ಈಗ ಪೂರ್ತಿ ಹೇಳು," ಎಂದರು. ಅಕ್ಕನಿಗೆ ಹುಷಾರಿಲ್ಲವೇನೋ ಎಂದು ತಂಗಿಗೆ ಗಾಬರಿಯಾಯಿತು.

ಮುಂದಿನ ತರಗತಿಗೆ ಎಲ್ಲರೂ ಬೇಗ ಬಂದರು. ಇಸ್ತ್ರಿಯಣ್ಣ ಮುಂದಿನ ಸಾಲಿನಲ್ಲಿ ಕುಳಿತ. ಉಳಿದರ್ಧದ ಹಾಳೆ ಕೊಡಿ ಎಂದು ಬೇಕರಿಯವನು ಕೈ ಚಾಚಿದ. ಟೀಚರ್ ಹಾಳೆ ಕೊಡಲಿಲ್ಲ. ಬರೆದುಕೊಂಡು ಬಂದಿದ್ದರು, ಆದರೆ ಅದನ್ನು ತಮ್ಮ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕುಳಿತರು. ಹನ್ನೊಂದು ವರ್ಷದಲ್ಲಿ ಅವರು ಹಾಗೆ ಕುಳಿತದ್ದು ಅದೇ ಮೊದಲು.

"ಇವತ್ತು ನಾನು ಹೇಳ್ತೀನಿ," ಎಂದರು. "ನೀವು ಕೇಳಿ."

ಅವರು ಎಲ್ಲರಿಗೂ ತಿಳಿಯುವ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದರು. "ನಾನು ಒಬ್ಬರ ಮಾತನ್ನು ಅರ್ಧ ಕೇಳಿದೆ. ಉಳಿದ ಅರ್ಧವನ್ನು ನಾನೇ ಬರೆದೆ. ಕೆಟ್ಟದ್ದು ಬರೆದೆ. ಅವರಿಗೆ ಕಷ್ಟ ಬಂತು. ನಾನು ಹೋಟೆಲಿಗೆ ಹೋದೆ. ಅವರ ಎದುರು ಸುಮ್ಮನೆ ಕೂತೆ. ನಾನು ನಂಬಿದೆ ಅಂತ ಅವರು ಅಂದುಕೊಂಡರು." ಟೀಚರ್ ಇಸ್ತ್ರಿಯಣ್ಣನನ್ನೇ ನೋಡಿದರು. "ನಾನು ನಂಬಲಿಲ್ಲ. ನಾನು ಹೆದರಿದೆ. ಇವರು ಕದ್ದರೇನೋ ಅಂದುಕೊಂಡೆ."

ಪುಟ್ಟಿ ತಲೆ ತಗ್ಗಿಸಿದಳು. ಟೀಚರಿಗೆ ಮುಂದಿನ ವಾಕ್ಯ ಸಿಗಲಿಲ್ಲ. ಹಾಳೆ ಕೆಳಗಿತ್ತು, ಆದರೆ ಇದು ಆ ಹಾಳೆಯಲ್ಲಿ ಇರಲಿಲ್ಲ. ಅವರು ಕಾದರು. ಯಾರೂ ನಡುವೆ ಬಾಯಿ ಹಾಕಲಿಲ್ಲ, ಯಾರೂ ತಿದ್ದಲಿಲ್ಲ. ಅಷ್ಟು ಹೊತ್ತಿನ ಮೌನದಲ್ಲಿ ಮಾತಿಗಾಗಿ ತಡಕಾಡುವುದು ಎಂಥ ಕಷ್ಟ ಎಂದು ಅವರಿಗೆ ಮೊದಲ ಸಲ ತಿಳಿಯಿತು.

ಇಸ್ತ್ರಿಯಣ್ಣ ತನ್ನ ಅಗಲವಾದ ಕೈಗಳನ್ನು ನೋಡಿಕೊಂಡ. ಮುಖ ಎತ್ತಿದ. ಆ ತರಗತಿಯಲ್ಲಿ ಕೇಳುವವರು ಆಡಬಹುದಾದ ಮಾತು ಒಂದೇ ಒಂದು ಇತ್ತು. ಅದನ್ನು ಅವನು ಮೆಲ್ಲಗೆ ಆಡಿದ.

"ಆಮೇಲೆ?"

"ಆಮೇಲೆ," ಎಂದರು ಟೀಚರ್, "ನೀವು ಹೇಳಿದಿರಿ. ನಾನು ಪೂರ್ತಿ ಕೇಳಿದೆ."